ಒಂದು ಕೆಜಿಗೆ ಮಸಾಲೆ: ಚಿಕನ್‌ಗೆ ಎಷ್ಟು, ಪನೀರ್‌ಗೆ ಎಷ್ಟು?

ಭಾನುವಾರ ಜಯನಗರದ ನಮ್ಮ ತಾರಸಿಯಲ್ಲಿ ಕೆಂಡ ಹಾಕಿದರೆ ಎರಡೂ ಬೇಕು. ಮೊದಲ ಸಲ ಒಂದೇ ಮಸಾಲೆ ಕಲಸಿ ಎರಡಕ್ಕೂ ಹಚ್ಚಿದ್ದೆ. ಚಿಕನ್ ಚೆನ್ನಾಗಿತ್ತು, ಪನೀರ್ ಬರೀ ಹಸಿ ಬೆಳ್ಳುಳ್ಳಿ ವಾಸನೆ!

ಒಂದು ಕೆಜಿ ಚಿಕನ್‌ಗೆ 200 ಗ್ರಾಂ ಗಟ್ಟಿ ಮೊಸರು, 2 ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, 3 ಟೀ ಚಮಚ ಬ್ಯಾಡಗಿ ಖಾರದ ಪುಡಿ, 2 ಟೀ ಚಮಚ ಗರಂ ಮಸಾಲೆ, 3 ಟೀ ಚಮಚ ಉಪ್ಪು. ಮೊದಲು ಉಪ್ಪು, ಪೇಸ್ಟ್, ಒಂದು ನಿಂಬೆಹಣ್ಣಿನ ರಸ ಹಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಮೊಸರು, ಮಸಾಲೆ ಹಚ್ಚಿ ಫ್ರಿಜ್‌ನಲ್ಲಿ 4ರಿಂದ 8 ಗಂಟೆ ಇಡಿ.

ಪನೀರ್ ಮಸಾಲೆಯನ್ನು ಅಷ್ಟು ಹೀರಿಕೊಳ್ಳುವುದಿಲ್ಲ, ಅದು ಮೇಲೆ ಅಂಟಿಕೊಂಡಿರುತ್ತದೆ ಅಷ್ಟೇ. ಬೇಗ ಬೇಯುವುದರಿಂದ ಪೇಸ್ಟ್‌ನ ಹಸಿತನವೂ ಹೋಗುವುದಿಲ್ಲ. ಹಾಗಾಗಿ ಪೇಸ್ಟ್ 1 ದೊಡ್ಡ ಚಮಚ, ಖಾರದ ಪುಡಿ ಮತ್ತು ಉಪ್ಪು ತಲಾ 2 ಟೀ ಚಮಚ, ಗರಂ ಮಸಾಲೆ 1 ಸಾಕು. ಮೊಸರು ಮಾತ್ರ ಜಾಸ್ತಿ, 250 ಗ್ರಾಂ. ಜೊತೆಗೆ ಹುರಿದ ಕಡಲೆ ಹಿಟ್ಟು 2 ದೊಡ್ಡ ಚಮಚ. ಅರ್ಧ ಗಂಟೆ ನೆನೆದರೆ ಆಯಿತು.

ಅರ್ಧ ಕೆಜಿ ಪ್ಯಾಕೆಟ್ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತು ಹಾಕಿದರೆ ಸುಮಾರು ಅರ್ಧ ಉಳಿಯುತ್ತದೆ. ತುಂಡನ್ನು ಎತ್ತಿದಾಗ ಮಸಾಲೆ ಜಾರಿ ಬಿದ್ದರೆ ಮೊಸರು ಇನ್ನೂ ನೀರಾಗಿದೆ ಎಂದೇ ಅರ್ಥ. ಆಗ ಇನ್ನೊಂದು ಚಮಚ ಕಡಲೆ ಹಿಟ್ಟು ಸೇರಿಸಿ.