ಮನೆ ಕಸದ ಪ್ರಾಜೆಕ್ಟ್: ಮೂರು ಶೀರ್ಷಿಕೆಗಳಲ್ಲಿ ಯಾವುದು?

ಒಂಬತ್ತನೇ ತರಗತಿಯ ಮಗಳ ಪ್ರಾಜೆಕ್ಟ್‌ಗೆ ಯಾವುದು ಸರಿ ಅಂತ ನೀವು ಕೇಳಿದ ಮೂರು ಶೀರ್ಷಿಕೆಗಳು ಇವು: ‘ಮನೆ ಕಸ ಮತ್ತು ಪರಿಸರ’, ‘ನಮ್ಮ ಬೀದಿಯ 5 ಮನೆಗಳಲ್ಲಿ ಒಂದು ವಾರದ ಹಸಿ ಕಸ ಮತ್ತು ಒಣ ಕಸದ ತೂಕ’, ‘ಅಡುಗೆಮನೆ ಕಸವನ್ನು ಗೊಬ್ಬರ ಮಾಡಿದರೆ ಗಾಡಿಗೆ ಹೋಗುವ ಕಸ ಎಷ್ಟು ಕಡಿಮೆಯಾಗುತ್ತದೆ?’

ಮೊದಲು ಸ್ಪಷ್ಟತೆ ನೋಡೋಣ. ಶೀರ್ಷಿಕೆ ಓದಿದ ಕೂಡಲೇ ಏನನ್ನು, ಎಲ್ಲಿ, ಎಷ್ಟು ದಿನ ಅಳೆದರು ಅಂತ ಗೊತ್ತಾಗಬೇಕು. ಎರಡನೆಯದರಲ್ಲಿ ಮೂರೂ ಇವೆ. ಮೂರನೆಯದರಲ್ಲಿ ಪ್ರಶ್ನೆ ಚೆನ್ನಾಗಿದೆ, ಆದರೆ ಎಷ್ಟು ಮನೆ, ಎಷ್ಟು ದಿನ ಅನ್ನೋದು ಸೇರಬೇಕು. ಮೊದಲನೆಯದರಲ್ಲಿ ಯಾವುದೂ ಇಲ್ಲ. ಅದರಡಿ ಪುಸ್ತಕದ ಸಾಲುಗಳೇ ಜಾಸ್ತಿ ತುಂಬಿಕೊಳ್ಳುತ್ತವೆ.

ಕೆಲಸದ ಲೆಕ್ಕದಲ್ಲಿ ಎರಡನೆಯದಕ್ಕೆ ಎರಡು ಬಕೆಟ್, ಒಂದು ತೂಗುವ ಸಾಧನ, ನೆರೆಯವರ ಒಪ್ಪಿಗೆ ಸಾಕು. ನೀರು ಬಸಿದ ಮೇಲೆ, ದಿನಾ ಒಂದೇ ಹೊತ್ತಿಗೆ ತೂಗಬೇಕು. ಇಲ್ಲದಿದ್ದರೆ ಹಸಿ ಕಸದ ತೂಕ ಸುಮ್ನೆ ಹೆಚ್ಚು ಕಾಣುತ್ತದೆ. ಹಬ್ಬದ ವಾರ ಬೇಡ, ಬಾಳೆಎಲೆ, ಹೂವಿನಿಂದ ಲೆಕ್ಕವೇ ಬದಲಾಗುತ್ತದೆ. ಮೂರನೆಯದಕ್ಕೂ ತೂಗಲೇಬೇಕು. ಮೊದಲ ವಾರ ಎಲ್ಲವನ್ನೂ ಗಾಡಿಗೆ ಹಾಕಿ, ಎರಡನೇ ವಾರ ತರಕಾರಿ ಸಿಪ್ಪೆಯನ್ನು ಗೊಬ್ಬರದ ಮಡಕೆಗೆ ಹಾಕಿ. ಮೊದಲ ವಾರ ಗಾಡಿಗೆ 8 ಕೆಜಿ, ಎರಡನೇ ವಾರ 3 ಕೆಜಿ ಹೋಯಿತು ಅಂದುಕೊಳ್ಳಿ. ಗಾಡಿಗೆ ಹೋಗುವ ಕಸ 5 ಕೆಜಿ ಕಡಿಮೆಯಾಯಿತು. ಗೊಬ್ಬರ ಪೂರ್ತಿ ಆಗಲು ತಿಂಗಳುಗಳೇ ಬೇಕು, ಹಾಗಾಗಿ ಶೀರ್ಷಿಕೆಯಲ್ಲಿ ‘ಗೊಬ್ಬರದ ಗುಣಮಟ್ಟ’ ಸೇರಿಸಬೇಡಿ.

ಹತ್ತು ದಿನವಷ್ಟೇ ಇದ್ದರೆ ಎರಡನೆಯದು. ಮೂರು ವಾರ ಇದ್ದು, ಮನೆಯವರು ಕಸ ಬೇರೆ ಮಾಡಲು ಒಪ್ಪಿದರೆ ಮೂರನೆಯದು. ಅಳೆಯದೆ ಬರೀ ಪೋಸ್ಟರ್ ಮಾಡುವುದಿದ್ದರೆ ಮೊದಲನೆಯದೂ ನಡೆಯುತ್ತದೆ.