ಈರುಳ್ಳಿಯ ಕಣ್ಣೀರಿಗೆ ಹರಿತವಾದ ಚಾಕುವೋ, ಫ್ರಿಜ್ಜೋ?

ಇಡೀ ಈರುಳ್ಳಿ ಕಣ್ಣು ಉರಿಸುವುದಿಲ್ಲ. ಕತ್ತರಿಸಿದಾಗ ಜೀವಕೋಶಗಳು ಒಡೆದು, ಅದುವರೆಗೆ ಬೇರೆಬೇರೆಯಾಗಿದ್ದ ಗಂಧಕಯುಕ್ತ ಸಂಯುಕ್ತವೂ ಅಲಿನೇಸ್ ಎಂಬ ಕಿಣ್ವವೂ ಬೆರೆಯುತ್ತವೆ. ಆಗ ಹುಟ್ಟುವ ವಸ್ತುವನ್ನು ಇನ್ನೊಂದು ಕಿಣ್ವವು ಕಣ್ಣೀರು ತರಿಸುವ ಆವಿಯಾಗಿ ಮಾರ್ಪಡಿಸುತ್ತದೆ. ಈ ಎರಡನೆಯ ಕಿಣ್ವವನ್ನು ಜಪಾನಿನ ಸಂಶೋಧಕರು 2002ರಲ್ಲಿ ಗುರುತಿಸಿದರು.

ನನ್ನ ಮೊದಲ ಆಯ್ಕೆ ಹರಿತವಾದ ಚಾಕು. ಮೊಂಡಾದ ಅಲಗು ಪದರವನ್ನು ಸೀಳುವ ಮೊದಲು ಅದುಮುವುದರಿಂದ ಒಳಗೆ ಒತ್ತಡ ಕೂಡಿ, ರಸವು ಸಣ್ಣ ಹನಿಗಳಾಗಿ ಸಿಡಿಯುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊಂಡು ಅಲಗಿನಿಂದಲೂ ವೇಗದ ಕತ್ತರಿಕೆಯಿಂದಲೂ ಹನಿಗಳು ಹೆಚ್ಚಿದವು. ಆದ್ದರಿಂದ ಸಾಗುವಿಗೆ ನಾಲ್ಕು ಈರುಳ್ಳಿ ಹೆಚ್ಚಬೇಕಾದಾಗ ಮೊದಲು ಚಾಕುವನ್ನು ಮಸೆದು, ಬೇರಿನ ಬುಡವನ್ನು ಕೊನೆಗೆ ತೆಗೆಯುವಂತೆ ಇಟ್ಟುಕೊಂಡು, ನಿಧಾನವಾಗಿ ಕತ್ತರಿಸುವುದು ಒಳ್ಳೆಯದು. ಸಿಪ್ಪೆಯ ಮೇಲೆ ಅಲಗು ಜಾರಿದರೆ ಅದು ಮೊಂಡಾಗಿದೆ ಎಂದೇ ಅರ್ಥ. ಈಳಿಗೆಮಣೆಗೂ ಇದೇ ಮಾತು ಸಲ್ಲುತ್ತದೆ.

ಫ್ರಿಜ್ಜಿನ ತಂಪು ಕಿಣ್ವದ ಕೆಲಸವನ್ನೂ ಆವಿಯಾಗುವಿಕೆಯನ್ನೂ ನಿಧಾನಿಸುತ್ತದೆ ಎಂಬುದು ನಿಜವಾದರೂ, ಅದು ಹನಿಗಳ ಸಿಡಿತವನ್ನು ತಡೆಯದು. ಅದೇ ಪ್ರಯೋಗದಲ್ಲಿ ತಂಪಾದ ಈರುಳ್ಳಿಯಿಂದ ಹನಿಗಳು ಕಡಿಮೆಯಾಗಲಿಲ್ಲ. ಆದ್ದರಿಂದ ಇದನ್ನು ಹರಿತವಾದ ಚಾಕುವಿನ ಜೊತೆಗೆ ಮಾತ್ರ ನಂಬಬಹುದು. ಫ್ರೀಜರ್ ಬೇಡ: ಹೆಪ್ಪುಗಟ್ಟಿದ ಕೋಶಗಳು ಒಡೆದು, ಕರಗಿದ ಮೇಲೆ ಈರುಳ್ಳಿ ಮೆತ್ತಗಾಗುತ್ತದೆ.

ಹೆಚ್ಚಿದ ಹೋಳುಗಳನ್ನು ನೀರಿಗೆ ಹಾಕಿದರೆ ಕೋಸಂಬರಿಗೆ ಘಾಟು ತಗ್ಗುತ್ತದೆ, ಆದರೆ ಅಷ್ಟರಲ್ಲಿ ಕಣ್ಣೀರು ಬಂದಾಗಿರುತ್ತದೆ.