ಭತ್ತದ ಗದ್ದೆಯಲ್ಲಿ ಗಮ್‌ಬೂಟು: ಎರಡು ಮುಂಗಾರು ಹಾಕಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಭತ್ತದ ಗದ್ದೆಗೆ ಗಮ್‌ಬೂಟು ಕೊಳ್ಳುವವರು ಅಡಿಯ ಹಲ್ಲು ನೋಡಿ ಕೊಳ್ಳಬೇಡಿ. ಅಂಗಡಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಬೂಟು ತಿರುಗಿಸುತ್ತಾರೆ, ಸೋಲಿನ ಮೇಲೆ ಬೆರಳಾಡಿಸುತ್ತಾರೆ, 'ಗ್ರಿಪ್ ಚೆನ್ನಾಗಿದೆ' ಅಂತ ದುಡ್ಡು ಕೊಟ್ಟು ಬರುತ್ತಾರೆ. ನೋಡಬೇಕಾಗಿದ್ದು ಹಿಮ್ಮಡಿ ಮತ್ತು ಕಣಕಾಲಿನ ಹತ್ತಿರ ಬೂಟು ಎಷ್ಟು ಬಿಗಿ ಇದೆ ಅನ್ನುವುದು.

ನಮ್ಮದು ಹಾನಗಲ್ ಕಡೆ, ಕೆರೆ ಕೆಳಗಿನ ಗದ್ದೆ. ಕೆಸರು ಮಾಡಿ ನಾಟಿ ಮಾಡುವ ಜಮೀನು. ನನ್ನ ಜೋಡಿಗೆ 380 ರೂಪಾಯಿ ಕೊಟ್ಟೆ, ಮಾಮೂಲಿ ಕಪ್ಪು ಪಿವಿಸಿ ಬೂಟು, ಮೊಣಕಾಲಿನ ಕೆಳಗೆ ಬರುತ್ತದೆ. ನನ್ನದು 8ರ ಸೈಜು. ನನ್ನ ತಮ್ಮನ ಪಾದವೂ ಅಷ್ಟೇ ಉದ್ದ, ಆದರೆ ಅಂಗಡಿಯವರು 'ದಪ್ಪ ಸಾಕ್ಸ್ ಹಾಕ್ತೀರಿ, ಒಂದು ಸೈಜು ದೊಡ್ಡದಿರಲಿ' ಅಂತ ಅವನಿಗೆ 9 ಕೊಟ್ಟು ಕಳಿಸಿದರು. ಹೀಗಾಗಿ ಒಂದೇ ಗದ್ದೆಯಲ್ಲಿ, ಒಂದೇ ಕಂಪನಿಯ ಎರಡು ಸೈಜು ಅಕ್ಕಪಕ್ಕ ಓಡಾಡಿದ್ದನ್ನು ನೋಡುವ ಅವಕಾಶ ಸಿಕ್ಕಿತು.

ಕೆಸರು ಮಾಡಿದ ಗದ್ದೆಯಲ್ಲಿ ಕಾಲು ಮೆತ್ತನೆಯ ರಾಡಿಯಲ್ಲಿ ಇಳಿದು ಕೆಳಗಿನ ಗಟ್ಟಿ ನೆಲದ ಮೇಲೆ ಹೋಗಿ ನಿಲ್ಲುತ್ತದೆ. ಅಲ್ಲಿ ಜಾರುವ ಪ್ರಶ್ನೆ ಕಡಿಮೆ. ಕಷ್ಟ ಶುರುವಾಗುವುದು ಕಾಲು ಎತ್ತುವಾಗ. ಬೂಟಿನ ಸುತ್ತ ಮೆತ್ತಿಕೊಂಡ ರಾಡಿ ಗಾಳಿ, ನೀರು ಕೆಳಗೆ ಹೋಗಲು ಬಿಡುವುದಿಲ್ಲ. ಸೋಲಿನ ಅಡಿ ಖಾಲಿ ಜಾಗವಾಗಿ ಅದು ಬೂಟನ್ನು ಹೀರಿ ಹಿಡಿಯುತ್ತದೆ. ನಾವು ನಡೆಯುವಾಗ ಮೊದಲು ಎತ್ತುವುದು ಹಿಮ್ಮಡಿ. ಬೂಟು ಸಡಿಲ ಇದ್ದರೆ ಹಿಮ್ಮಡಿ ಮಾತ್ರ ಮೇಲೆ ಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ. ತಮ್ಮ ಗೊಬ್ಬರದ ಬುಟ್ಟಿ ಹೊತ್ತುಕೊಂಡು ಗದ್ದೆ ನಡುವೆ ಒಂಟಿ ಕಾಲಲ್ಲಿ ನಿಂತು, ಖಾಲಿ ಬೂಟಿನೊಳಗೆ ಕಾಲು ವಾಪಸ್ ತೂರಿಸಲು ಪರದಾಡಿದ್ದು ಇದಕ್ಕೇ. ಒಂದು ಸಲ ಬಗ್ಗಿದರೆ ಬೂಟಿನ ಬಾಯಿಂದ ನೀರೂ ಒಳಗೆ. ಒಂದು ಲೀಟರ್ ನೀರು ಅಂದರೆ ಕಾಲಿಗೆ ಒಂದು ಕೆಜಿ ಜಾಸ್ತಿ ಭಾರ. ಮತ್ತೆ ಹೆಜ್ಜೆ ಎತ್ತುವುದು ಇನ್ನೂ ಕಷ್ಟ.

ನನ್ನ 8ರಲ್ಲಿ ಇದು ಅಷ್ಟು ಆಗಲಿಲ್ಲ, ಆದರೂ ಆಯಿತು. ಪಿವಿಸಿ ಬೂಟುಗಳು ಕಣಕಾಲಿನ ಹತ್ತಿರ ಅಗಲವಾಗೇ ಇರುತ್ತವೆ, ಇಲ್ಲದಿದ್ದರೆ ಕಾಲು ಒಳಗೆ ಹೋಗುವುದೇ ಇಲ್ಲ. ಹಳೇ ಸೈಕಲ್ ಟ್ಯೂಬ್ ಉಂಗುರದ ಹಾಗೆ ಕತ್ತರಿಸಿ, ಪಾದದ ಅಡಿಯಿಂದ ತಂದು ಕಣಕಾಲಿಗೆ ಎಂಟರ ಆಕಾರದಲ್ಲಿ ಸುತ್ತಿಕೊಂಡೆ. ಇಷ್ಟೇ ಕೆಲಸ, ಪುಕ್ಕಟೆ, ಅರ್ಧ ಸಮಸ್ಯೆ ಹೋಯಿತು. ಇನ್ನರ್ಧ ಹೆಜ್ಜೆ ಹಾಕುವ ರೀತಿಯಲ್ಲಿದೆ. ಕಾಲನ್ನು ನೆಟ್ಟಗೆ ಮೇಲಕ್ಕೆ ಎಳೆಯಬಾರದು. ಕಣಕಾಲನ್ನು ಸ್ವಲ್ಪ ಆಚೆ ಈಚೆ ಅಲ್ಲಾಡಿಸಿದರೆ ಪಕ್ಕದಿಂದ ನೀರು ಇಳಿದು ಆ ಹಿಡಿತ ಬಿಡುತ್ತದೆ, ಆಮೇಲೆ ಎತ್ತಬೇಕು. ಬಿಟ್ಟಾಗ 'ಪುಸಕ್' ಅಂತ ಒಂದು ಸದ್ದು ಬರುತ್ತದೆ. ಆ ಸದ್ದು ಬಂದ ಮೇಲೆ ಎತ್ತಿದರೆ ಬೂಟು ಕಾಲಿನ ಜೊತೆಗೇ ಬರುತ್ತದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಗದ್ದೆಗೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಜೊತೆಗೆ ಬಂದವರಿಗೆ ಬೂಟಿನ ಹಿಮ್ಮಡಿಯನ್ನು ಕೈಯಿಂದ ನೆಲಕ್ಕೆ ಒತ್ತಿ ಹಿಡಿಯಲು ಹೇಳಿ, ನೀವು ಹಿಮ್ಮಡಿ ಎತ್ತಿ ನೋಡಿ. ಒಳಗೆ ಹಿಮ್ಮಡಿ ಒಂದು ಬೆರಳಿಗಿಂತ ಜಾಸ್ತಿ ಎದ್ದರೆ ಬೇಡ, ಕೆಳಗಿನ ಸೈಜು ಕೇಳಿ. ಬೆರಳ ತುದಿ ಮುಂದೆ ತಾಗದಷ್ಟು ಜಾಗ ಇದ್ದರೆ ಸಾಕು.

ಹಾಗಾದರೆ ಹಲ್ಲು ಸುಮ್ನೆ ಇದೆಯಾ ಅಂದರೆ, ಇಲ್ಲ. ಬದುವಿನ ಮೇಲೆ ಬೇಕು. ಒದ್ದೆ ಹುಲ್ಲು, ಜಿಗುಟು ಮಣ್ಣು, ಅಲ್ಲಿ ಹಲ್ಲುಗಳ ನಡುವೆ ಅಂತರ ಅಗಲ ಇರುವ ಸೋಲು ಒಳ್ಳೆಯದು. ಒತ್ತೊತ್ತಾಗಿ ಹಲ್ಲಿರುವ ಸೋಲಿನಲ್ಲಿ ನಾಲ್ಕು ಹೆಜ್ಜೆಗೆ ಮಣ್ಣು ತುಂಬಿ ಅಡಿ ನುಣ್ಣಗಾಗಿಬಿಡುತ್ತದೆ. ನನ್ನದು ಅಂಥದ್ದೇ, ಅದಕ್ಕೆ ಬದುವಿನ ಮೇಲೆ ನಾನು ಈಗಲೂ ಕೈಯಲ್ಲಿ ಸಲಿಕೆ ಊರಿಕೊಂಡೇ ಹೋಗುತ್ತೇನೆ. ಪಾಚಿ ಹಿಡಿದ ಸಿಮೆಂಟ್ ಕಾಲುವೆಯ ಅಂಚಿನಲ್ಲಿ ಯಾವ ಹಲ್ಲೂ ಉಪಯೋಗವಿಲ್ಲ, ಪಕ್ಕದಲ್ಲಿ ಇಳಿದು ದಾಟಿ.

ಇನ್ನು ನಾಟಿ. ನಾಟಿ ದಿನ ಬೂಟು ಹಾಕಿಕೊಂಡು ಸಸಿ ಕಟ್ಟು ಹಂಚುತ್ತಾ ಗದ್ದೆಯೊಳಗೆ ಓಡಾಡಿದೆ. ಸ್ವಲ್ಪ ಹೊತ್ತಿಗೆ ಸಾಲಿನಲ್ಲಿದ್ದ ಅಕ್ಕ ಒಬ್ಬರು ಸೊಂಟ ನೆಟ್ಟಗೆ ಮಾಡಿ ನಿಂತು ಬೈದರು: 'ಅಣ್ಣಾರ, ನಿಮ್ಮ ಬೂಟಿನ ಗುಂಡಿಯೊಳಗ ಸಸಿ ನಿಂದ್ರೂದಿಲ್ರಿ, ತೇಲಿ ಹೋಗತಾವ. ನೀವು ಬದುವಿನ ಮ್ಯಾಲೆ ನಿಂತು ಒಗೀರಿ.' ನಿಜವೇ. ಬರಿಗಾಲಿನ ಕುಳಿ ಸಣ್ಣದು, ರಾಡಿ ಬೇಗ ಮುಚ್ಚಿಕೊಳ್ಳುತ್ತದೆ. ಬೂಟಿನದು ಅಗಲ, ಆಳ. ಅದರಲ್ಲಿ ನೆಟ್ಟ ಸಸಿಯ ಬೇರಿಗೆ ಮಣ್ಣು ಸಿಗದೆ ನೀರಲ್ಲಿ ನಿಲ್ಲುತ್ತದೆ. ನಾಟಿಗೆ ನಾನು ಈಗ ಬೂಟು ಹಾಕುವುದಿಲ್ಲ. ಅದಕ್ಕೆ ತೆಳು ರಬ್ಬರಿನ, ಅಡಿ ಚಪ್ಪಟೆ ಇರುವ, ಕಾಲಿಗೆ ಅಂಟಿಕೊಳ್ಳುವ ಬೂಟು ಬೇಕು. ಜಪಾನಿನ ಭತ್ತದ ರೈತರು ಹಾಕುವುದು ಅಂಥದ್ದನ್ನೇ, ನಮ್ಮೂರ ಅಂಗಡಿಗಳಲ್ಲಿ ನಾನು ಕಂಡಿಲ್ಲ. ಪ್ಲಾಸ್ಟಿಕ್ ಸ್ಯಾಂಡಲ್ ಕೇಳುವವರಿಗೆ: ಬದುವಿಗೆ ಸರಿ, ರಾಡಿಗೆ ಇಳಿದರೆ ಹಿಂದಿನ ಪಟ್ಟಿ ಮೊದಲು ಕೈಕೊಡುತ್ತದೆ.

ಇಷ್ಟೆಲ್ಲಾ ಬೈದರೂ ನಾನು ಈ ಬೂಟು ಬಿಟ್ಟಿಲ್ಲ. ನಾಟಿ ಆದ ಮೇಲಿನ ಕೆಲಸಕ್ಕೆ, ಅಂದರೆ ನೀರು ಕಟ್ಟಲು, ಬದುವಿನ ತೂತು ಮುಚ್ಚಲು, ಬೆನ್ನಿಗೆ ಪಂಪು ಹಾಕಿ ಔಷಧ ಹೊಡೆಯಲು ಇದೇ ಬೇಕು. ಔಷಧ ಹೊಡೆಯುವಾಗ ಮಾತ್ರ ಪ್ಯಾಂಟನ್ನು ಬೂಟಿನ ಹೊರಗೆ ಬಿಡಿ, ಒಳಗೆ ತುರುಕಿದರೆ ಪ್ಯಾಂಟಿನ ಮೇಲೆ ಬಿದ್ದ ಔಷಧ ನೇರ ಬೂಟಿನೊಳಗೆ ಇಳಿಯುತ್ತದೆ. ಮೊದಲೆಲ್ಲಾ ಮಳೆಗಾಲ ಪೂರ್ತಿ ಬೆರಳ ಸಂದಿಯಲ್ಲಿ ಕೆಸರುಹುಣ್ಣು. ರಾತ್ರಿ ಕೆರೆದುಕೊಂಡು ನಿದ್ದೆ ಇಲ್ಲ. ಎರಡು ಮುಂಗಾರಿನಿಂದ ಅದು ಬಂದಿಲ್ಲ. ಒಡೆದ ಹಿಮ್ಮಡಿ, ಕೂಳೆ ಚುಚ್ಚಿದ ಗಾಯ ಇದ್ದವರಿಗೆ ಇಲಿಜ್ವರದ ಭಯವೂ ಇರುತ್ತದೆ, ಇಲಿ ಮೂತ್ರ ಸೇರಿದ ನೀರಿನಿಂದ ರೋಗ ಗಾಯದ ಮೂಲಕ ಸುಲಭವಾಗಿ ಒಳಗೆ ಹೋಗುತ್ತದೆ.

ಆದರೆ ಒಳಗೆ ಬೆವರು ನಿಲ್ಲುತ್ತದೆ, ಅದನ್ನು ಒಣಗಿಸದಿದ್ದರೆ ಹುಣ್ಣು ಬೂಟಿನಿಂದಲೇ ಬರುತ್ತದೆ. ಅದಕ್ಕೆ ಸಂಜೆ ಒಂದು ಪದ್ಧತಿ ಇದೆ. ಕಾಲುವೆಯಲ್ಲಿ ಹೊರಗಡೆ ತೊಳೆದು, ಮನೆಯಲ್ಲಿ ಒಳಗಡೆ ಒಂದು ಚೊಂಬು ಒಳ್ಳೆ ನೀರು ಹಾಕಿ ಕುಲುಕಿ ಚೆಲ್ಲುತ್ತೇನೆ. ಹಳೇ ಪೇಪರ್ ಉಂಡೆ ಮಾಡಿ ತುದಿವರೆಗೂ ತುರುಕುತ್ತೇನೆ. ಊಟ ಆದ ಮೇಲೆ ಆ ಒದ್ದೆ ಪೇಪರ್ ಕಿತ್ತು, ಹಿತ್ತಲ ಪಡಸಾಲೆಯಲ್ಲಿ ಎರಡು ಗೂಟಕ್ಕೆ ಬೋರಲು ಹಾಕುತ್ತೇನೆ. ಬೋರಲು ಹಾಕಿದರೂ ಬೆಳಿಗ್ಗೆ ನೆಲಕ್ಕೆ ಕುಟ್ಟದೆ ಕಾಲು ಹಾಕುವುದಿಲ್ಲ. ಒಮ್ಮೆ ಕಪ್ಪೆ ಬಿತ್ತು, ಪುಣ್ಯಕ್ಕೆ ಚೇಳಲ್ಲ.

ಬಿಸಿಲಿಗೆ ಇಡಬೇಡಿ. ತಮ್ಮ ಮಾಳಿಗೆ ಮೇಲೆ ಒಣಗಿಸುತ್ತಿದ್ದ, ಅವನದು ಗಡುಸಾಗಿ ಕಣಕಾಲು ಮಡಚುವ ಜಾಗದಲ್ಲಿ ಬಿರುಕು ಬಿಟ್ಟಿತು. ಪಂಕ್ಚರ್ ಪ್ಯಾಚು ಹಾಕಿಸಿದ, ಅದು ರಬ್ಬರಿಗೆ ಹಿಡಿಯುತ್ತದೆ, ಪಿವಿಸಿಗೆ ಹಿಡಿಯುವುದಿಲ್ಲ. ಪೈಪಿನ ಸೊಲ್ಯೂಷನ್ ಹಚ್ಚಿದ, ಅಂಟಿತು, ಆದರೆ ಅದು ಒಣಗಿ ಕಲ್ಲಾಗುತ್ತದೆ, ನಡೆದಾಗ ಅದೇ ಗೆರೆಗೆ ಮತ್ತೆ ಒಡೆಯಿತು. ಈಗ ಆ ಜೋಡಿಯನ್ನು ಕಣಕಾಲಿನವರೆಗೆ ಕತ್ತರಿಸಿ ದನದ ಕೊಟ್ಟಿಗೆಗೆ ಹಾಕಿಕೊಳ್ಳುತ್ತಾನೆ. ಹೊಸದು ತರಲು ಹೋದಾಗ 8 ಕೇಳು ಅಂತ ಹೇಳಿ ಕಳಿಸಿದ್ದೇನೆ.